ಅಪ್ಪಯ್ಯಂಗೆ ಕಳ್ಸಿದ ಮೆಸೇಜು ಇದು, ತೋಟದ ಫೋಟೋ ಸರಿಯಾಗಿ ಬರೋಕೆ ಇನ್ನೇನು ಕೇಳ್ಬೇಕು?

ನಗರದ ಮಗಳು

ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ತಾಲೂಕು, ನಗರ ಅನ್ನೋ ಊರಿನ ಹತ್ರ ಒಂದೂವರೆ ಎಕರೆ ಅಡಿಕೆ ತೋಟ. ನಾನು ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದೀನಿ, ಊರಲ್ಲಿ ಅಪ್ಪಯ್ಯ ಅಮ್ಮ ಇಬ್ರೇ. ಹೋದ ವರ್ಷ ಮಳೆಗಾಲದಲ್ಲಿ ಕೆಳಗಿನ ಸೋಗೆ ಮೇಲೆಲ್ಲ ಕಂದು ಕಲೆ ಬಂತು, ಅಪ್ಪಯ್ಯ ಫೋನಲ್ಲಿ ಒಂದು ಫೋಟೋ ತೆಗ್ದು ಪೇಟೆಯ ಔಷಧಿ ಅಂಗಡಿಗೆ ತಗೊಂಡು ಹೋದ, ಅಂಗಡಿಯವ್ರು ಆ ಮಸುಕು ಫೋಟೋನ ಒಂದು ನಿಮಿಷಾನೂ ನೋಡ್ಲಿಲ್ಲ, ನುಸಿ ಕಾಟ ಅಂತ ಹೇಳಿ ನುಸಿಗೆ ಹೊಡೆಯೋ ಔಷಧಿ ಕೊಟ್ಟು ಕಳ್ಸಿದ್ರು. ಆಳು ಸಿಗದೆ ಒದ್ದಾಡಿ ಎರಡು ಸಲ ಹೊಡೆಸಿದ್ದಾಯ್ತು, ಜನವರಿ ಹೊತ್ತಿಗೆ ಒಂದೊಂದು ಮರದಲ್ಲಿ ಮೂರು ನಾಲ್ಕು ಸೋಗೆ ಒಣಗಿ ಜೋತು ಬಿದ್ವು. ಆ ಫೋಟೋನ ಆಮೇಲೆ ನಂಗೂ ಕಳ್ಸಿದ್ದ. ಅದರಲ್ಲಿ ಇದ್ದಿದ್ದು ಬಿಳಿ ಆಕಾಶ ಮತ್ತೆ ಕಪ್ಪು ನೆರಳಿನ ಹಾಗೆ ಒಂದು ಮರದ ತಲೆ, ಅಷ್ಟೇ. ಅದನ್ನ ನೋಡಿ ಯಾರಾದ್ರೂ ಏನು ಹೇಳಕ್ಕಾಗತ್ತೆ?

ಈ ವರ್ಷ ಮತ್ತೆ ಶುರುವಾಗಿದೆ. ಔಷಧಿ ತರೋ ಮುಂಚೆ ಸರಿಯಾದ ಫೋಟೋ ತರಿಸ್ಕೊಂಡು ತಿಳಿದವ್ರಿಗೆ ತೋರ್ಸೋಣ ಅಂತ ನಿನ್ನೆ ರಾತ್ರಿ ಕೂತು ಅಪ್ಪಯ್ಯಂಗೆ ಉದ್ದಕ್ಕೆ ಬರೆದೆ. ಅದನ್ನೇ ಇಲ್ಲಿ ಹಾಕ್ತಿದೀನಿ, ಏನು ಬಿಟ್ಟಿದೀನಿ ಹೇಳಿ.

> ಅಪ್ಪಯ್ಯ, ಇದನ್ನ ನಿಧಾನಕ್ಕೆ ಓದು, ಕನ್ನಡಕ ಸಿಗ್ದಿದ್ರೆ ಅಮ್ಮನ ಹತ್ರ ಓದಿಸ್ಕೋ. ಎಲ್ಲಾ ಒಂದೇ ದಿನ ಆಗ್ಬೇಕು ಅಂತ ಇಲ್ಲ.
>
> ಮೊದ್ಲು ಫೋನಿನ ಹಿಂದಿನ ಗಾಜು ಒರೆಸು, ಮೆತ್ತನೆ ಹಳೇ ಪಂಚೆ ಚೂರು ಸಾಕು. ನಿನ್ನ ಫೋನ್ ಯಾವಾಗ್ಲೂ ಅಂಗಿ ಜೇಬಲ್ಲಿ ಕವಳದ ಸಂಚಿ ಜೊತೆ ಇರತ್ತೆ, ಸುಣ್ಣದ ಕೈಯಲ್ಲಿ ಮುಟ್ಟಿರ್ತೀಯ, ಆ ಮಬ್ಬು ಎಲ್ಲಾ ಫೋಟೋದಲ್ಲೂ ಬರತ್ತೆ.
>
> ಒಂದು ಮರ ಆರಿಸ್ಕೋ, ರೋಗ ಚೆನ್ನಾಗಿ ಕಾಣ್ತಿರೋದು, ಆದ್ರೆ ಪೂರ್ತಿ ಹಾಳಾಗಿರೋದು ಬೇಡ. ಬಿಸಿಲು ನಿನ್ನ ಬೆನ್ನಿಗಿರೋ ಹಾಗೆ ನಿಂತ್ಕೊಂಡು ಬುಡದಿಂದ ತುದಿ ತನಕ ಇಡೀ ಮರದ್ದು ಒಂದು ಫೋಟೋ. ಆಮೇಲೆ ಅದೇ ಮರದ ತಲೆ ಮಾತ್ರ ಒಂದು. ಎಷ್ಟನೇ ಸೋಗೆಯಿಂದ ಶುರುವಾಗಿದೆ ಅಂತ ಅದರಲ್ಲಿ ಗೊತ್ತಾಗ್ಬೇಕು.
>
> ಮರ ಹತ್ತೋದು ಬೇಡ, ದಯವಿಟ್ಟು. ದೋಟಿಯಲ್ಲಿ ಕಲೆ ಇರೋ ಸೋಗೆ ಒಂದನ್ನ ಎಳ್ಕೋ. ಅದನ್ನ ಅಂಗಳಕ್ಕೆ ತಂದು ನೆರಳಲ್ಲಿ ಬಿಳಿ ಪಂಚೆ ಮೇಲೆ ಹಾಸಿ ಇಡೀ ಸೋಗೆದು ಒಂದು ಫೋಟೋ ತೆಗಿ. ಆಮೇಲೆ ಒಂದೇ ಗರಿ ಹರಿದು ಅದರ ಮೇಲ್ಭಾಗ ಒಂದು, ತಿರುಗಿಸಿ ಅಡಿಭಾಗ ಒಂದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡು, ಕಲೆ ಎಷ್ಟು ದೊಡ್ಡದು ಅಂತ ಗೊತ್ತಾಗತ್ತೆ.
>
> ಹತ್ರದಿಂದ ತೆಗಿಯೋವಾಗ ಫೋನನ್ನ ಎಲೆಗೆ ಅಂಟಿಸ್ಬೇಡ, ಒಂದು ಗೇಣು ದೂರ ಇರ್ಲಿ. ಪರದೆ ಮೇಲೆ ಕಲೆ ಕಾಣೋ ಜಾಗಕ್ಕೆ ಒಂದು ಸಲ ಬೆರಳಲ್ಲಿ ಮುಟ್ಟು, ಚಿತ್ರ ಸ್ಪಷ್ಟ ಆಗೋ ತನಕ ಕಾದು ಆಮೇಲೆ ಒತ್ತು. ಎರಡು ಬೆರಳಲ್ಲಿ ಹಿಗ್ಗಿಸಿ ದೊಡ್ಡದು ಮಾಡ್ಬೇಡ, ಆ ಕೆಲ್ಸ ನಾನಿಲ್ಲಿ ಮಾಡ್ಕೋತೀನಿ.
>
> ಕಳ್ಸೋವಾಗ ಮಾಮೂಲಿ ಫೋಟೋ ಕಳ್ಸೋ ಹಾಗೆ ಕಳ್ಸಬೇಡ, ವಾಟ್ಸಾಪು ಅದನ್ನ ಕುಗ್ಗಿಸಿಬಿಡತ್ತೆ. ಪಿನ್ ಗುರುತು ಒತ್ತಿ, Document ಅಂತ ಇರೋದನ್ನ ಒತ್ತಿ, ಅಲ್ಲಿಂದ ಫೋಟೋ ಆರಿಸು. ನಿಧಾನ ಹೋಗತ್ತೆ, ಗುಡ್ಡದ ಮೇಲೆ ನೆಟ್‌ವರ್ಕ್ ಸಿಗೋ ಕಡೆ ಹೋಗಿ ಕಳ್ಸು. ನಿಂಗೆ ಬೆಳಗ್ಗೆ ಒಂಬತ್ತು ಅಂದ್ರೆ ನಂಗೆ ಐದೂವರೆ, ಎಚ್ಚರ ಆದ ಕೂಡ್ಲೆ ನೋಡ್ತೀನಿ.
>
> ಔಷಧಿ ಮಾತ್ರ ನಾನು ಹೇಳೋ ತನಕ ತರ್ಬೇಡ ಅಪ್ಪಯ್ಯ.

---

ಜಯನಗರ ಫೋರ್ತ್ ಬ್ಲಾಕ್

ಇದಕ್ಕೆಲ್ಲ ಇಷ್ಟು ಕಷ್ಟ ಯಾಕೆ, ಮ್ಯಾಕ್ರೋ ಲೆನ್ಸ್ ಇರೋ ಒಳ್ಳೆ ಫೋನ್ ಒಂದು ಅಪ್ಪನಿಗೆ ತೆಗೆದು ಕಳಿಸಿ. ಇಪ್ಪತ್ತು ಸಾವಿರದ ಒಳಗೆ ಯಾವುದು ಚೆನ್ನಾಗಿದೆ ಅಂತ ಬೇಕಿದ್ರೆ ನಾನು ಹೇಳ್ತೀನಿ.

---

ನಗರದ ಮಗಳು

ಸರ್, ಈಗಿರೋ ಫೋನಲ್ಲಿ ಕ್ಯಾಮೆರಾ ಚೆನ್ನಾಗೇ ಇದೆ, ಹೋದ ಸಲ ನಾನೇ ಕೊಡ್ಸಿದ್ದು. ಯಾವ ಫೋಟೋ ಕೇಳ್ಬೇಕು ಅನ್ನೋದು ನನ್ನ ಪ್ರಶ್ನೆ.

---

ಚನ್ನಗಿರಿ ಅಡಿಕೆ

ಕೆಳಗಿನ ಎಲೆ, ಕಂದು ಚುಕ್ಕೆ, ಹಳದಿ ಅಂದ್ರೆ ಪೊಟ್ಯಾಷ್ ಕಮ್ಮಿ ಕಣಮ್ಮ. ಅದರಲ್ಲಿ ಫೋಟೋ ನೋಡಕ್ಕೇನಿದೆ. ಮಲೆನಾಡಲ್ಲಿ ಸುರಿಯೋ ಮಳೆಗೆ ಪೊಟ್ಯಾಷ್ ಎಲ್ಲ ತೊಳೆದು ಹೋಗಿರತ್ತೆ, ಗೊಬ್ಬರ ಕೊಡೋದೂ ನಿಮ್ಮ ಕಡೆ ಅಷ್ಟಕ್ಕಷ್ಟೇ. ನಮ್ಮ ತೋಟದಲ್ಲಿ ಹಿಂಗೇ ಆಗಿತ್ತು, ಎರಡು ಕಂತಲ್ಲಿ ಪೊಟ್ಯಾಷ್ ಕೊಟ್ಟೆ, ಹೊಸ ಸೋಗೆ ಎಲ್ಲ ಕ್ಲೀನ್ ಬಂತು.

---

ವಿಟ್ಲ ಸೀಮೆಯವ

ಚನ್ನಗಿರಿಯವರು ಹೇಳುವುದರಲ್ಲಿ ಅರ್ಧ ಸತ್ಯ ಉಂಟು. ಪೊಟ್ಯಾಷ್ ಕಡಿಮೆ ಆದರೆ ಹಳೆಯ ಸೋಗೆಯಲ್ಲೇ ಮೊದಲು ಕಾಣುವುದು, ಎಲೆಚುಕ್ಕಿ ರೋಗವೂ ಕೆಳಗಿನ ಸೋಗೆಯಿಂದಲೇ ಶುರು ಆಗುವುದು. ಹಾಗಾಗಿ ದೂರದಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ ಹಾಗೆ ಕಾಣ್ತದೆ. ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಡಿಕೆಯ ರೋಗದ ಸ್ಯಾಂಪಲ್ ನೋಡಿದವ, ನನಗೂ ಮೋಸ ಆಗಿದೆ.

ವ್ಯತ್ಯಾಸ ಗೊತ್ತಾಗುವುದು ಒಂದು ಗರಿಯನ್ನು ಬೆಳಕಿಗೆ ಹಿಡಿದಾಗ. ತಂಗಿ, ನಿಮ್ಮ ಮೆಸೇಜಿನಲ್ಲಿ ಇದೊಂದು ಬಿಟ್ಟುಹೋಗಿದೆ. ಪಂಚೆ ಮೇಲೆ ಇಟ್ಟು ತೆಗೆದ ಮೇಲೆ ಅದೇ ಗರಿಯನ್ನು ಆಕಾಶದ ಕಡೆ ಎತ್ತಿ ಹಿಡಿದು, ಬೆಳಕು ಎಲೆಯ ಮೂಲಕ ಬರುವ ಹಾಗೆ ಇನ್ನೊಂದು ಫೋಟೋ ಬೇಕು, ಸೂರ್ಯನ ನೇರಕ್ಕೆ ಹಿಡಿಯುವುದು ಬೇಡ. ಶಿಲೀಂಧ್ರದ ಕಲೆ ಆದರೆ ನಡುವೆ ಒಣಗಿದ ಕಂದು, ಅದಕ್ಕೊಂದು ಗಟ್ಟಿ ಅಂಚು, ಅಂಚಿನ ಸುತ್ತ ಹಳದಿ ಬಳೆ ಇರ್ತದೆ. ಕಲೆ ಎಲೆಯಲ್ಲಿ ಎಲ್ಲಿ ಬೇಕಾದರೂ ಬಿದ್ದಿರ್ತದೆ, ಎರಡು ಮೂರು ಕೂಡಿ ದೊಡ್ಡದಾಗಿರ್ತದೆ. ಪೊಟ್ಯಾಷ್ ಕೊರತೆಯಲ್ಲಿ ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದ ಹಾಗೆ ಹಳದಿ-ಕಿತ್ತಳೆ ಚುಕ್ಕಿಗಳು ಕಾಣ್ತವೆ, ಅವಕ್ಕೆ ಗಟ್ಟಿ ಅಂಚು ಇಲ್ಲ, ಗರಿಯ ತುದಿ ಮತ್ತು ಬದಿ ಸುಟ್ಟ ಹಾಗೆ ಒಣಗಿರ್ತದೆ, ಸೋಗೆಯ ಬುಡದ ಕಡೆಗಿಂತ ತುದಿಯ ಕಡೆ ಜಾಸ್ತಿ. ಅದಕ್ಕೇ ಇಡೀ ಸೋಗೆಯ ಫೋಟೋ ಕೇಳಿದ್ದು ಒಳ್ಳೆಯದಾಯ್ತು, ಅದನ್ನು ಬಿಡಬೇಡಿ.

ಇನ್ನೊಂದು ಮುಖ್ಯ ಮಾತು. ತನ್ನಷ್ಟಕ್ಕೆ ಬಿದ್ದ ಒಣ ಸೋಗೆಯ ಫೋಟೋ ಬೇಡ. ಒಣಗಿದ ಎಲೆಯ ಮೇಲೆ ಹತ್ತಾರು ಬಗೆಯ ಬೂಷ್ಟು ಬೆಳೆದಿರ್ತದೆ, ಅದರಲ್ಲಿ ರೋಗ ತಂದದ್ದು ಯಾವುದು, ಸತ್ತ ಮೇಲೆ ಬಂದದ್ದು ಯಾವುದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಅರ್ಧ ಹಸಿರು ಇರುವ ಸೋಗೆ ಬೇಕು, ಕಲೆ ಈಗ ಹುಟ್ಟುತ್ತಾ ಇರುವಂಥದ್ದು.

---

ಕಳಸದಿಂದ

ನಮ್ಮ ಕಡೆ ಎಲೆಚುಕ್ಕಿ ಬಂದು ತೋಟ ತೋಟಾನೇ ಬೋಳಾಗಿದೆ, ನಿಮ್ಮ ಸಂಕಟ ಅರ್ಥ ಆಗತ್ತೆ. ನನ್ನ ಸಲಹೆ ಏನು ಅಂದ್ರೆ ಕಲೆ ಇರೋ ಸೋಗೆ ಎಲ್ಲಾ ಕಡಿದು ಸುಟ್ಟುಬಿಡಿ, ಒಂದೂ ಬಿಡ್ಬೇಡಿ.

ಹಾಗೇ ಇನ್ನೊಂದು ವಿಷಯ ಕೇಳ್ಬೇಕಿತ್ತು. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಬಳ್ಳಿ ಈ ಸಲ ಎಲೆ ಹಳದಿ ಆಗಿ ಗಂಟು ಗಂಟು ಉದುರ್ತಾ ಇದೆ, ಅದಕ್ಕೂ ಹೀಗೇ ಫೋಟೋ ತೆಗ್ದು ಹಾಕಿದ್ರೆ ಯಾರಾದ್ರೂ ನೋಡ್ತೀರಾ?

---

ವಿಟ್ಲ ಸೀಮೆಯವ

ಕಳಸದವರೆ, ಎಲ್ಲಾ ಕಡಿಯುವುದು ಬೇಡ ಮಾರಾಯ್ರೆ. ಒಂದು ಮರದ ತಲೆಯಲ್ಲಿ ಇರುವುದೇ ಎಂಟು ಹತ್ತು ಸೋಗೆ. ಕಲೆ ಕಂಡದ್ದನ್ನೆಲ್ಲ ತೆಗೆದರೆ ಮರ ಉಣ್ಣುವುದು ಯಾವುದರಲ್ಲಿ? ಮುಕ್ಕಾಲು ಹಾಳಾದ ಕೆಳಗಿನ ಸೋಗೆ ಮಾತ್ರ ತೆಗೆದು ಸುಡಿ. ಮೇಲಿನದ್ದರಲ್ಲಿ ನಾಲ್ಕು ಚುಕ್ಕಿ ಇದ್ದರೆ ಇರಲಿ, ಅದನ್ನು ಔಷಧಿಯಲ್ಲಿ ಕಾಯುವುದು. ಕಡಿದದ್ದನ್ನು ಮರದ ಬುಡಕ್ಕೇ ಮುಚ್ಚಿಗೆ ಹಾಕುವವರು ಇದ್ದಾರೆ, ಅದು ಮಾತ್ರ ಕೂಡದು.

ಮೆಣಸಿನದ್ದು ಬೇರೆಯೇ ಕಥೆ. ಅದಕ್ಕೆ ಎಲೆಗಿಂತ ಬಳ್ಳಿಯ ಬುಡ ಮತ್ತು ಬೇರಿನ ಫೋಟೋ ಬೇಕು, ಪ್ರತ್ಯೇಕ ಹಾಕಿ.

---

ದುಬೈ ಭಟ್ಕಳ

ನಂದೂ ಇದೇ ಅವಸ್ಥೆ, ತೋಟ ಊರಲ್ಲಿ, ನಾನು ಇಲ್ಲಿ. ಒಂದು ಸಣ್ಣ ಮಾತು ಅಕ್ಕ, ಫೋಟೋ ಜೊತೆ ಅಪ್ಪನ ಹತ್ರ ಒಂದು ವಾಯ್ಸ್ ಮೆಸೇಜೂ ಕೇಳಿ. ಯಾವ ಮೂಲೆ ಮರ, ಯಾವಾಗ ಶುರು ಆಯ್ತು, ಕೊನೆಯ ಸಲ ಬೋರ್ಡೋ ದ್ರಾವಣ ಹೊಡೆದಿದ್ದು ಯಾವ ತಿಂಗಳು ಅಂತ ಅಪ್ಪ ಮಾತಲ್ಲಿ ಹೇಳಿಬಿಡ್ತಾರೆ, ಅವರ ಹತ್ರ ಟೈಪ್ ಮಾಡಿ ಅಂದ್ರೆ ಮಾಡಲ್ಲ. ನಮ್ಮ ಅಪ್ಪನ ಹಾಗೆ ಒಂದು ವಾಯ್ಸಿಂದಲೇ ಗೊತ್ತಾಗಿದ್ದು, ನಾನು ರೋಗ ಅಂತ ತಲೆ ಕೆಡಿಸ್ಕೊಂಡಿದ್ದ ಮರಗಳು ಪಕ್ಕದ ಗದ್ದೆಯವ್ರು ಕಳೆನಾಶಕ ಹೊಡೆದ ಬದಿಯವೇ ಆಗಿದ್ವು.

---

ನಗರದ ಮಗಳು

ಫೋಟೋ ಬಂದ್ವು. ಹದಿನಾಲ್ಕು ಕಳ್ಸಿದಾನೆ, ಅದರಲ್ಲಿ ಒಂಬತ್ತು ಉಪಯೋಗ ಇಲ್ಲ. ಬೈಯಕ್ಕೆ ಹೇಳ್ತಿಲ್ಲ, ಮುಂದೆ ಯಾರಾದ್ರೂ ಹೀಗೆ ತರಿಸ್ಕೊಂಡ್ರೆ ಗೊತ್ತಿರಲಿ ಅಂತ ಹೇಳ್ತಿದೀನಿ.

ನಾನು ನಾಣ್ಯ ಇಡು ಅಂದೆನಲ್ಲ, ಮೂರು ಫೋಟೋದಲ್ಲಿ ನಾಣ್ಯ ಕನ್ನಡಿ ಹಾಗೆ ಸ್ಪಷ್ಟ ಇದೆ, ಎಲೆ ಮಸುಕು. ನಾಣ್ಯ ಹೊಳೆಯೋದ್ರಿಂದ ಫೋನು ಅದನ್ನೇ ಹಿಡಿದಿದೆ, ಅಪ್ಪಯ್ಯ ಬೆರಳಲ್ಲಿ ಮುಟ್ಟಿದ್ದೂ ನಾಣ್ಯಾನೇ ಅಂತೆ. ಇನ್ನು ಬೆಳಗ್ಗೆ ಏಳು ಗಂಟೆಗೇ ಹೋಗಿದಾನೆ, ಎಲೆ ಮೇಲೆಲ್ಲ ಇಬ್ಬನಿ. ಒಂದೊಂದು ಹನಿನೂ ಫೋಟೋದಲ್ಲಿ ಬಿಳಿ ಚುಕ್ಕಿ ಹಾಗೆ ಬಂದು ಯಾವುದು ಕಲೆ ಯಾವುದು ನೀರು ಅಂತ ಗೊತ್ತಾಗ್ತಿಲ್ಲ. ಮರದ ತಲೆಯ ಫೋಟೋ ಮತ್ತೆ ಹಳೇ ಕಥೆ, ಆಕಾಶ ಬೆಳ್ಳಗೆ, ಸೋಗೆ ಕಪ್ಪು. ಬೆನ್ನಿಗೆ ಬಿಸಿಲು ಇರ್ಲಿ ಅಂದಿದ್ದೆ, ಆದ್ರೆ ಮೋಡ ಇತ್ತಂತೆ, ಬಿಸಿಲೇ ಇಲ್ಲ.

ಉಳಿದ ಐದರಲ್ಲಿ ಎರಡು ಬಹಳ ಚೆನ್ನಾಗಿವೆ, ಗರಿಯ ಮೇಲ್ಭಾಗ ಮತ್ತೆ ಬೆಳಕಿಗೆ ಹಿಡಿದಿದ್ದು. ಲಿಂಕ್ ಹಾಕಿದೀನಿ, ವಿಟ್ಲದ ಸರ್ ದಯವಿಟ್ಟು ನೋಡಿ. ವಾಯ್ಸಲ್ಲಿ ಅಪ್ಪಯ್ಯ ಹೇಳಿದ್ದು ಇಷ್ಟು: ಜುಲೈಯಲ್ಲಿ ಮೇಲಿನ ಅಂಕಣದಲ್ಲಿ ಶುರು, ಈಗ ಹೆಚ್ಚುಕಮ್ಮಿ ಅರ್ಧ ತೋಟಕ್ಕೆ ಬಂದಿದೆ, ಕೊಳೆ ರೋಗಕ್ಕೆ ಅಂತ ಬೋರ್ಡೋ ಎರಡು ಸಲ ಆಗಿದೆ, ಆದ್ರೆ ಅಡಿಕೆ ಗೊನೆಗೆ ಮಾತ್ರ ಹೊಡೆದಿದ್ದು, ಸೋಗೆಗೆ ಹೊಡೆದಿಲ್ಲ.

---

ವಿಟ್ಲ ಸೀಮೆಯವ

ನೋಡಿದೆ. ಮೊದಲು ತಲೆಯ ಫೋಟೋದ ವಿಷಯ ಹೇಳ್ತೇನೆ. ಮೋಡದ ದಿನ ಆದರೆ ಪರದೆಯಲ್ಲಿ ಸೋಗೆಯ ಕಪ್ಪು ಭಾಗವನ್ನು ಮುಟ್ಟಲಿಕ್ಕೆ ಹೇಳಿ, ಆಗ ಫೋನು ಸೋಗೆಗೆ ಬೇಕಾದ ಬೆಳಕು ತಗೊಳ್ತದೆ, ಆಕಾಶ ಸುಟ್ಟು ಬೆಳ್ಳಗಾದರೆ ಆಗಲಿ, ನಮಗೆ ಆಕಾಶ ಬೇಡ. ಅಥವಾ ಗುಡ್ಡದ ಇಳಿಜಾರಿನ ತೋಟ ಆದರೆ ಮೇಲಿನ ತಟ್ಟಿನಲ್ಲಿ ನಿಂತು ಕೆಳಗಿನ ತಟ್ಟಿನ ಮರದ ತಲೆ ತೆಗೆಯಲಿ, ಹಿಂದೆ ಆಕಾಶದ ಬದಲು ಹಸಿರು ಬರ್ತದೆ. ಇದು ಎಲ್ಲಕ್ಕಿಂತ ಒಳ್ಳೆಯದು. ಇಬ್ಬನಿಗೆ ಹತ್ತು ಗಂಟೆ ಆಗುವವರೆಗೆ ಕಾಯುವುದೊಂದೇ ದಾರಿ.

ಇನ್ನು ಗರಿ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಅದರ ಲೆಕ್ಕದಲ್ಲಿ ಸಣ್ಣ ಕಲೆಗಳು 3-4 ಮಿಲಿಮೀಟರ್ ಇವೆ, ದೊಡ್ಡದು ನಾಣ್ಯದ ಅರ್ಧದಷ್ಟು. ಬೆಳಕಿಗೆ ಹಿಡಿದ ಫೋಟೋದಲ್ಲಿ ಸಣ್ಣ ಕಲೆಗಳ ಸುತ್ತ ಹಳದಿ ಬಳೆ ಸ್ಪಷ್ಟ ಉಂಟು. ದೊಡ್ಡ ಕಲೆಯ ನಡುವೆ ಬೂದಿ ಬಣ್ಣ, ಅದರಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕಿಗಳು. ಅದು ಶಿಲೀಂಧ್ರ ಬೀಜಕ ಮಾಡುವ ಜಾಗ. ಎಲೆಯ ಅಡಿಯ ಫೋಟೋ ಮಸುಕಾದರೂ ನುಸಿಯ ಬಲೆ, ಕೆಂಪು ಪುಡಿ ಏನೂ ಕಾಣುವುದಿಲ್ಲ, ಮತ್ತು ನುಸಿ ಜೋರು ಮಾಡುವುದು ಬೇಸಿಗೆಯಲ್ಲಿ, ಜುಲೈಯ ಮಳೆಯಲ್ಲಿ ಅಲ್ಲ. ಹೋದ ವರ್ಷ ನಿಮಗೆ ಕೊಟ್ಟ ಔಷಧಿ ಇದಕ್ಕೆ ನಾಟುವಂಥದ್ದೇ ಅಲ್ಲ. ಇದು ಎಲೆಚುಕ್ಕಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಯಾವ ಶಿಲೀಂಧ್ರ ಅಂತ ಫೋಟೋದಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ, ಈ ರೋಗದಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಸಿಕ್ಕಿವೆ.

ಔಷಧಿ ಪ್ರೊಪಿಕೊನಜೋಲ್, ಒಂದು ಲೀಟರ್ ನೀರಿಗೆ ಒಂದು ಎಂಎಲ್, ಜೊತೆಗೆ ಅಂಟು ದ್ರಾವಣ. ಅಡಿಕೆ ಸೋಗೆಗೆ ಮೇಣದ ಹಾಗೆ ನುಣುಪು ಇರುವುದರಿಂದ ಅಂಟು ಹಾಕದಿದ್ದರೆ ಹನಿ ಜಾರಿ ಹೋಗ್ತದೆ. ಎಲೆಯ ಅಡಿಗೂ ಬೀಳಬೇಕು. ಗೊನೆಗೆ ಹೊಡೆದ ಬೋರ್ಡೋ ಕೊಳೆಯನ್ನು ತಡೆದಿರಬಹುದು, ಸೋಗೆಗೆ ಅದರಿಂದ ಏನೂ ಸಿಕ್ಕಿಲ್ಲ. ಆದರೆ ನನ್ನ ಮಾತು ಕೇಳಿ ನಾಳೆಯೇ ಹೊಡೆಸುವುದು ಬೇಡ, ತೀರ್ಥಹಳ್ಳಿ ಹತ್ತಿರ ಸೀಬಿನಕೆರೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಉಂಟು, ಅಪ್ಪನವರು ಒಂದು ಹಸಿ ಸೋಗೆ ತುಂಡು ತಗೊಂಡು ಹೋಗಿ ತೋರಿಸಲಿ.

---

ಚನ್ನಗಿರಿ ಅಡಿಕೆ

ಆ ಬೆಳಕಿಗೆ ಹಿಡಿದ ಫೋಟೋ ನಾನೂ ನೋಡಿದೆ. ಬಳೆ ಇದೆ, ಒಪ್ಕೋತೀನಿ. ಆದ್ರೆ ಗರಿ ತುದಿ ಸುಟ್ಟಿರೋದನ್ನೂ ನೋಡಿ, ಅದು ಚುಕ್ಕಿಯಿಂದ ಬಂದಿದ್ದಲ್ಲ. ಪೊಟ್ಯಾಷ್ ಇಲ್ಲದ ಮರಕ್ಕೆ ರೋಗ ಬೇಗ ಹತ್ತತ್ತೆ ಅನ್ನೋದೂ ನಿಜ ತಾನೇ. ಬರೀ ಔಷಧಿ ಹೊಡೆದು ಗೊಬ್ಬರ ಬಿಟ್ರೆ ಮುಂದಿನ ವರ್ಷ ಮತ್ತೆ ಇದೇ ಪಾಡು.

---

ವಿಟ್ಲ ಸೀಮೆಯವ

ಅದು ಸರಿಯಾದ ಮಾತು. ತುದಿಯ ಸುಡು ನಾನು ಗಮನಿಸಿರಲಿಲ್ಲ. ಎರಡೂ ಒಟ್ಟಿಗೆ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ ಪೊಟ್ಯಾಷ್ ಎಷ್ಟು ಅಂತ ತೀರ್ಮಾನ ಮಾಡಿ.

---

ನಗರದ ಮಗಳು

ತುಂಬಾ ಥ್ಯಾಂಕ್ಸ್ ಇಬ್ರಿಗೂ. ಈಗ ಇನ್ನೊಂದು ಗೊಂದಲ. ಎರಡನೇ ಸಲದ ಫೋಟೋ ಇವತ್ತು ಬಂತು, ಮೇಲಿನ ತಟ್ಟಲ್ಲಿ ನಿಂತು ತೆಗ್ದಿದಾನೆ, ನೀವು ಹೇಳಿದ ಹಾಗೇ ಹಿಂದೆ ಪೂರ್ತಿ ಹಸಿರು, ತಲೆಗಳು ಒಂದೊಂದೂ ಎಣಿಸೋ ಹಾಗೆ ಕಾಣತ್ತೆ. ಅದರಲ್ಲಿ ನೋಡ್ತಾ ನೋಡ್ತಾ ಕೆಳಗಿನ ಹಳ್ಳದ ಬದಿಯಲ್ಲಿ ಎರಡು ಮರ ಬೇರೆ ಥರ ಇರೋದು ಕಾಣ್ತು. ಚುಕ್ಕಿ ಇಲ್ಲ, ಕೆಳಗಿನ ಎರಡು ಮೂರು ಸೋಗೆ ಬರೀ ಹಳದಿ. ಅಪ್ಪಯ್ಯನೂ ಗಮನಿಸಿರ್ಲಿಲ್ಲ. ಕೇಳಿದ್ದಕ್ಕೆ ಅಲ್ಲಿ ಬಸಿಗಾಲುವೆ ಮುಚ್ಚಿಹೋಗಿ ನೀರು ನಿಲ್ಲತ್ತೆ, ಅದಕ್ಕೇ ಇರ್ಬೇಕು ಅಂದ. ಒಂದು ಗರಿದು ಹತ್ರದ ಫೋಟೋ ತರಿಸಿದೆ, ತುದಿಯಿಂದ ಹಳದಿ, ನಡುದಿಂಡಿನ ಎರಡೂ ಬದಿ ಹಸಿರು ಪಟ್ಟಿ ಉಳಿದಿದೆ, ಹಸಿರು ಹಳದಿ ನಡುವೆ ಗೆರೆ ಎಳೆದ ಹಾಗಿದೆ.

---

ಶೃಂಗೇರಿ ಬಾಳೆಹೊನ್ನೂರು ರಸ್ತೆ

ಈ ಕೊನೆಯ ಸಾಲು ಓದಿ ಎದೆ ಧಸಕ್ಕಂತು. ನಮ್ಮ ತೋಟ ಹೋಗಿದ್ದು ಹೀಗೇ. ಹಳದಿ ಎಲೆ ರೋಗ. ಗರಿ ತುದಿಯಿಂದ ಹಳದಿ, ನಡುವೆ ಹಸಿರು, ಅದೂ ಮಳೆ ಬಿಟ್ಟ ಮೇಲೆ ಎದ್ದು ಕಾಣತ್ತೆ. ಅಜ್ಜನ ಕಾಲದಲ್ಲಿ ಎರಡು ಮರ, ಅಪ್ಪನ ಕಾಲದಲ್ಲಿ ಅರ್ಧ ತೋಟ, ನನ್ನ ಕಾಲಕ್ಕೆ ಅಡಿಕೆ ತೆಗ್ದು ಕಾಫಿ ಹಾಕಿದೀವಿ. ಔಷಧಿ ಇಲ್ಲ ಇದಕ್ಕೆ, ಯಾರಾದ್ರೂ ಇದೆ ಅಂತ ಮಾರಕ್ಕೆ ಬಂದ್ರೆ ದುಡ್ಡು ಕೊಡ್ಬೇಡಿ. ನಿಮ್ಮ ಅಪ್ಪಯ್ಯನ ಹತ್ರ ಆ ಎರಡು ಮರದ ಅಡಿಕೆ ಒಡೆದು ನೋಡಕ್ಕೆ ಹೇಳಿ, ಒಳಗೆ ಕಪ್ಪಾಗಿದ್ರೆ ಅದೇ.

---

ಚನ್ನಗಿರಿ ಅಡಿಕೆ

ಹೆದರಿಸ್ಬೇಡಿ ಅವರನ್ನ. ನಡುವೆ ಹಸಿರು ಉಳಿದು ಬದಿ ಹಳದಿ ಆಗೋದು ಮೆಗ್ನೀಷಿಯಂ ಕೊರತೆಯಲ್ಲೂ ಹೀಗೇ ಕಾಣತ್ತೆ. ನೀರು ನಿಂತ ಜಾಗ ಬೇರೆ, ಬೇರು ಉಸಿರಾಡಲ್ಲ, ಗೊಬ್ಬರ ಎಲ್ಲಿಂದ ಎಳೆಯತ್ತೆ.

---

ವಿಟ್ಲ ಸೀಮೆಯವ

ಇಬ್ಬರೂ ಹೇಳಿದ್ದು ಸಾಧ್ಯ ಉಂಟು, ಮತ್ತು ಫೋಟೋ ಸೋಲುವುದು ಇಲ್ಲಿಯೇ. ಹಳದಿ ಎಲೆ ರೋಗ ಫೈಟೊಪ್ಲಾಸ್ಮಾದಿಂದ ಬರುವುದು, ಅದು ಮರದ ರಸನಾಳದ ಒಳಗೆ ಇರ್ತದೆ, ಜಿಗಿಹುಳದಿಂದ ಹರಡ್ತದೆ. ಮೇಲಿಂದ ನೋಡಿ ಇದೇ ಅಂತ ಹೇಳ್ಲಿಕ್ಕೆ ಲ್ಯಾಬಿನ ಪರೀಕ್ಷೆ ಬೇಕು. ಫೋಟೋದಲ್ಲಿ ಅನುಮಾನ ಜಾಸ್ತಿಯೋ ಕಡಿಮೆಯೋ ಅಂತ ಮಾತ್ರ ಹೇಳಬಹುದು.

ಅದಕ್ಕೆ ಮೂರು ಫೋಟೋ ಕೇಳಿ. ಒಂದು, ಆ ಎರಡು ಮರದಿಂದ ನಾಲ್ಕೈದು ಕಾಯಿ, ಪಕ್ಕದ ಒಳ್ಳೆಯ ಮರದಿಂದ ನಾಲ್ಕೈದು ಕಾಯಿ, ಎಲ್ಲಾ ಸೀಳಿ ಒಂದೇ ಹಾಳೆಯ ಮೇಲೆ ಎರಡು ಸಾಲಿನಲ್ಲಿ ಇಟ್ಟು ಒಂದೇ ಫೋಟೋ. ಬೇರೆ ಬೇರೆ ತೆಗೆದರೆ ಬೆಳಕು ಬದಲಾಗಿ ಬಣ್ಣ ಹೋಲಿಸ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ಒಂದೇ ಫೋಟೋ. ಎರಡನೆಯದು ಬುಡ. ನೆಲದಿಂದ ಎರಡು ಅಡಿ ಎತ್ತರದವರೆಗೆ ಸುತ್ತಲೂ ನೋಡಲಿ, ಕಂದು ಅಂಟು ಸೋರಿದೆಯೋ, ಅಣಬೆ ಎದ್ದಿದೆಯೋ. ಅಣಬೆ ರೋಗದಲ್ಲಿಯೂ ಹೊರಗಿನ ಸೋಗೆ ಹಳದಿ ಆಗಿ ಜೋತು ಬೀಳ್ತದೆ. ಮೂರನೆಯದು ಬೇರು, ಬುಡದಿಂದ ಒಂದು ಅಡಿ ಬಿಟ್ಟು ಸ್ವಲ್ಪ ಕೆದಕಿ ನಾಲ್ಕು ಸಣ್ಣ ಬೇರು ತೆಗೆದು ತೊಳೆದು ಬಿಳಿ ಬಟ್ಟೆಯ ಮೇಲೆ. ಕೆದಕುವಾಗ ಬಿಳಿ ಬೇರುಹುಳ ಸಿಕ್ಕಿದರೆ ಅದರದ್ದೂ ಒಂದು ತೆಗೆಯಲಿ, ಆಗ ಕಥೆಯೇ ಬದಲು.

---

ಕಳಸದಿಂದ

ಆ ಎರಡು ಮರ ಕಡಿದು ಹಾಕಿದ್ರೆ ಉಳಿದವಾದ್ರೂ ಬಚಾವ್ ಅಲ್ವಾ?

---

ಶೃಂಗೇರಿ ಬಾಳೆಹೊನ್ನೂರು ರಸ್ತೆ

ನಾವೂ ಕಡಿದಿದ್ವಿ. ನಮ್ಮಲ್ಲಿ ನಿಲ್ಲಲಿಲ್ಲ. ಬೇರೆಯವ್ರ ತೋಟದಲ್ಲಿ ಹೇಗೋ ಗೊತ್ತಿಲ್ಲ.

---

ನಗರದ ಮಗಳು

ನಿನ್ನೆ ಅಪ್ಪಯ್ಯನ ಹತ್ರ ಮಾತಾಡಿದೆ. ಹಳದಿ ಎಲೆ ರೋಗ ಅನ್ನೋ ಪದ ನಾನು ಬಾಯಿ ಬಿಟ್ಟು ಹೇಳ್ಲಿಲ್ಲ, ಕೊಪ್ಪದಲ್ಲಿ ನಮ್ಮ ಸೋದರಮಾವನ ತೋಟ ಹೋಗಿದ್ದು ಅವನು ಕಣ್ಣಾರೆ ನೋಡಿದಾನೆ. ಅವನೇ ಕೇಳಿದ, ಕಾಯಿ ಸೀಳಿ ಅಂತಿದೀಯಲ್ಲ, ಕೊಪ್ಪದ್ದೇ ಅಂತ ಅನುಮಾನನಾ ಅಂತ. ಗೊತ್ತಿಲ್ಲ ಅಪ್ಪಯ್ಯ, ಅದಕ್ಕೇ ಫೋಟೋ ಕೇಳ್ತಿರೋದು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಆಯ್ತು ಬೆಳಗ್ಗೆ ತೆಗೀತೀನಿ ಅಂದ.

ಇವತ್ತು ಬಂದಿವೆ. ಬುಡ ಕ್ಲೀನ್ ಇದೆ, ಅಂಟು ಇಲ್ಲ, ಅಣಬೆ ಇಲ್ಲ. ಬೇರುಹುಳ ಸಿಗ್ಲಿಲ್ಲ. ಬೇರಿನ ತುದಿ ಕೆಲವು ಕಪ್ಪಾಗಿವೆ. ಕಾಯಿ ಫೋಟೋದಲ್ಲಿ ಮೇಲಿನ ಸಾಲು ಒಳ್ಳೆ ಮರದ್ದು, ಕೆಳಗಿನ ಸಾಲು ಹಳದಿ ಮರದ್ದು. ಕೆಳಗಿನ ಐದರಲ್ಲಿ ನಾಲ್ಕು ಮೇಲಿನವುಗಳ ಹಾಗೇ ಬೆಳ್ಳಗಿವೆ, ಒಂದರ ಒಳಗೆ ಮಾತ್ರ ಒಂದು ಬದಿ ಕಂದು.

---

ವಿಟ್ಲ ಸೀಮೆಯವ

ಐದರಲ್ಲಿ ಒಂದು ಅಂದರೆ ಯಾವ ಕಡೆಗೂ ಹೇಳ್ಲಿಕ್ಕೆ ಧೈರ್ಯ ಇಲ್ಲ. ನೀರು ನಿಂತ ಜಾಗದಲ್ಲಿಯೂ ಬೇರಿನ ತುದಿ ಕಪ್ಪಾಗ್ತದೆ. ಈಗ ಮಾಡಬಹುದಾದ್ದು ಎರಡು. ಬಸಿಗಾಲುವೆ ಬಿಡಿಸಿ, ಅದಕ್ಕೆ ರೋಗ ಯಾವುದು ಅಂತ ಕಾಯಬೇಕಾಗಿಲ್ಲ. ಆ ಎರಡು ಮರಕ್ಕೆ ಗುರುತು ಮಾಡಿ ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಅದೇ ಹೊತ್ತಿಗೆ ತಲೆಯ ಫೋಟೋ ತೆಗೆಯಲಿ. ಹೊಸ ಸೋಗೆ ಹಸಿರಾಗಿ ಬಂದು ಹಳದಿ ಮೇಲೆ ಹತ್ತದಿದ್ದರೆ ಸಮಾಧಾನ. ಮೇಲೆ ಹತ್ತುತ್ತಾ ಹೋದರೆ, ಸೀಬಿನಕೆರೆಗೆ ಹೋಗುವಾಗ ಈ ಫೋಟೋಗಳನ್ನೂ ಜೊತೆಗೆ ತೋರಿಸಿ. ಸ್ಯಾಂಪಲ್ ತಗೊಂಡು ಹೋಗುವಾಗ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದು ಬೇಡ, ಬೆವರಿ ಕೊಳೀತದೆ, ಪೇಪರಿನಲ್ಲಿ ಸುತ್ತಿ.

---

ನಗರದ ಮಗಳು

ಸೋಮವಾರ ಹೋಗ್ತಾನಂತೆ, ಚುಕ್ಕಿ ಸೋಗೆ ತುಂಡು ಒಂದು ಕಟ್ಟು, ಹಳದಿ ಮರದ್ದು ಒಂದು ಕಟ್ಟು, ಎರಡರ ಮೇಲೂ ಅಮ್ಮ ಹೆಸರು ಬರೆದಿಟ್ಟಿದಾಳೆ. ಎರಡು ಮರಕ್ಕೂ ಅಮ್ಮನ ಹಳೇ ಕೆಂಪು ಸೀರೆ ಅಂಚು ಕಟ್ಟಿದಾನೆ, ಮೇಲಿನ ತಟ್ಟಲ್ಲಿ ತಾನು ನಿಲ್ಲೋ ಜಾಗದಲ್ಲಿ ಒಂದು ಗೂಟನೂ ಹೊಡೆದಿದಾನೆ, ಅದನ್ನ ನಾನು ಹೇಳಿರ್ಲಿಲ್ಲ.

ಇವತ್ತಿನ ಗರಿ ಫೋಟೋದಲ್ಲಿ ನಾಣ್ಯ ಇಲ್ಲ, ಪಕ್ಕದಲ್ಲಿ ಒಂದು ಗೋಟಡಿಕೆ ಇದೆ. ನಾಣ್ಯ ಹೊಳೆದು ಎಲೆ ಮಸುಕಾಗ್ತಿತ್ತಲ್ಲ, ಅದಕ್ಕೆ ಇದಿಟ್ಟೆ ಅಂತಾನೆ. ಎಲೆ ನಿಜಕ್ಕೂ ಸ್ಪಷ್ಟ ಬಂದಿದೆ.

---

ವಿಟ್ಲ ಸೀಮೆಯವ

ಗೋಟು ಒಂದೊಂದು ಒಂದೊಂದು ಗಾತ್ರ, ಅಳತೆಗೆ ಸಿಗುವುದಿಲ್ಲ. ಹೊಳೆಯದ್ದು ಬೇಕು ಅಂದರೆ ಬೆಂಕಿಪೊಟ್ಟಣ ಇಡ್ಲಿಕ್ಕೆ ಹೇಳಿ, ಆದರೆ ಪ್ರತಿ ಸಲ ಅದೇ ಬ್ರ್ಯಾಂಡಿನದ್ದು.